ನೋಂದಣಿ ಶೀಟು: ಸೀಟಿನ ಮಿತಿ, ಕಾಯುವ ಪಟ್ಟಿ ಮತ್ತು ಖಚಿತತೆ

ಕಾರ್ಯಾಗಾರ, ಚಾರಣ, ತರಬೇತಿ ಶಿಬಿರಗಳಿಗೆ ಹೆಸರು ಬರೆಸಿಕೊಳ್ಳಲು ಈಗ ಹೆಚ್ಚಿನವರು ಗೂಗಲ್ ಫಾರ್ಮ್ ಬಳಸುತ್ತಾರೆ. ಭರ್ತಿಯಾದ ಪ್ರತಿ ಫಾರ್ಮ್ ಅದಕ್ಕೆ ಜೋಡಿಸಿದ ಗೂಗಲ್ ಶೀಟಿನಲ್ಲಿ ಒಂದು ಸಾಲಾಗಿ ಬಂದು ಕೂರುತ್ತದೆ. ಆದರೆ ಸೀಟು ತುಂಬಿದ ಮೇಲೂ ನಾವು ನಿಲ್ಲಿಸದ ಹೊರತು ಫಾರ್ಮ್ ನಿಲ್ಲುವುದಿಲ್ಲ. ಯಾರಿಗೆ ಸೀಟಿದೆ, ಯಾರು ಕಾಯಬೇಕು, ಯಾರಾದರೂ ಬಿಟ್ಟರೆ ಮುಂದಿನ ಸರದಿ ಯಾರದು ಎಂಬುದನ್ನೆಲ್ಲ ಶೀಟಿನಲ್ಲಿ ನಾವೇ ಕಟ್ಟಿಕೊಳ್ಳಬೇಕು. ಲೆಕ್ಕವನ್ನು ಸೂತ್ರಕ್ಕೆ ವಹಿಸಬಹುದು. ಆದರೆ ಜನರಿಗೆ ಕೊಟ್ಟ ಮಾತನ್ನು ಸೂತ್ರದ ಕೈಗೆ ಕೊಡಬಾರದು. ಇಡೀ ವ್ಯವಸ್ಥೆ ನಿಂತಿರುವುದು ಈ ವ್ಯತ್ಯಾಸದ ಮೇಲೆ.

## ಶೀಟಿನ ಕಾಲಂಗಳು

ಧಾರವಾಡದಲ್ಲಿ ಒಂದು ದಿನದ ಕಸೂತಿ ತರಬೇತಿ ಇದೆ ಎಂದುಕೊಳ್ಳೋಣ. ಕಲಿಸುವವರು ಒಬ್ಬರೇ ಆದ್ದರಿಂದ 20 ಜನರಿಗಷ್ಟೇ ಅವಕಾಶ. ಫಾರ್ಮಿನಲ್ಲಿ ಹೆಸರು ಮತ್ತು ಫೋನ್ ನಂಬರ್ ಎರಡನ್ನೇ ಕೇಳಿದ್ದೇವೆ.

ಮೊದಲ ಮೂರು ಕಾಲಂಗಳು ಫಾರ್ಮಿನಿಂದಲೇ ಬರುತ್ತವೆ: A ಕಾಲಂನಲ್ಲಿ ಫಾರ್ಮ್ ತಲುಪಿದ ಸಮಯ (`Timestamp`), B ಕಾಲಂನಲ್ಲಿ ಹೆಸರು, Cಯಲ್ಲಿ ಫೋನ್. ಅವುಗಳ ಪಕ್ಕದಲ್ಲಿ ನಾವು ನಾಲ್ಕು ಸೇರಿಸುತ್ತೇವೆ. D ಕಾಲಂ ಖಾಲಿ ಇರುತ್ತದೆ. ಯಾರಾದರೂ ಬರುವುದಿಲ್ಲ ಎಂದರೆ ಅಲ್ಲಿ ‘ರದ್ದು’ ಎಂದು ಟೈಪ್ ಮಾಡುತ್ತೇವೆ. Eಯಲ್ಲಿ ಸರದಿ ಸಂಖ್ಯೆ, Fನಲ್ಲಿ ಸ್ಥಿತಿ. ಇವೆರಡೂ ಸೂತ್ರದಿಂದ ಬರುತ್ತವೆ. Gಯಲ್ಲಿ ನಾವು ಆ ವ್ಯಕ್ತಿಗೆ ಏನು ತಿಳಿಸಿದ್ದೇವೆ ಎಂಬುದನ್ನು ಕೈಯಿಂದ ಬರೆಯುತ್ತೇವೆ. ಸೀಟಿನ ಮಿತಿ 20 ಎಂಬುದನ್ನು ‘ವಿವರ’ ಎಂಬ ಬೇರೆ ಹಾಳೆಯ B1 ಕೋಶದಲ್ಲಿ ಇಡುತ್ತೇವೆ. ಐದು ಕುರ್ಚಿ ಹೆಚ್ಚು ಸಿಕ್ಕರೆ ಅದೊಂದನ್ನು ಬದಲಿಸಿದರೆ ಸಾಕು.

## ಸರದಿ ಮತ್ತು ಸ್ಥಿತಿಯ ಸೂತ್ರ

ಸೂತ್ರವನ್ನು ಎರಡನೇ ಸಾಲಿನಲ್ಲಿ ಬರೆದು ಕೆಳಗೆ ಎಳೆಯುವುದು ಎಲ್ಲರ ರೂಢಿ. ಇಲ್ಲಿ ಅದು ಕೈಕೊಡುತ್ತದೆ. ಪ್ರತಿ ನೋಂದಣಿಗೂ ಫಾರ್ಮ್ ಹೊಸ ಸಾಲನ್ನೇ ತೂರಿಸುವುದರಿಂದ, ಮೊದಲೇ ಎಳೆದಿಟ್ಟ ಸೂತ್ರಗಳು ಕೆಳಗೆ ಸರಿದು ಹೊಸ ಸಾಲು ಬರಿದಾಗಿ ಉಳಿಯುತ್ತದೆ. ಹಾಗಾಗಿ ಶೀರ್ಷಿಕೆ ಸಾಲಿನಲ್ಲಿ, ಅಂದರೆ E1ರಲ್ಲಿ, ಇಡೀ ಕಾಲಂಗೆ ಒಂದೇ ಸೂತ್ರ ಬರೆಯಬೇಕು:

```
={"ಸರದಿ";MAP(A2:A,D2:D,LAMBDA(t,r,
IF(OR(t="",r="ರದ್ದು"),"",
SUMPRODUCT((A2:A<=t)*(A2:A<>"")*(D2:D<>"ರದ್ದು")))))}
```

ತನಗಿಂತ ಮೊದಲು ಬಂದವರಲ್ಲಿ ರದ್ದಾಗದವರು ಎಷ್ಟು ಎಂದು ಇದು ಪ್ರತಿ ಸಾಲಿಗೂ ಎಣಿಸಿ, ತನ್ನನ್ನೂ ಸೇರಿಸಿಕೊಳ್ಳುತ್ತದೆ. ಎಣಿಕೆ ನಡೆಯುವುದು ಸಮಯದ ಮೇಲೆ. ಆದ್ದರಿಂದ ಹೆಸರಿನ ಅಕಾರಾದಿಯಲ್ಲಿ ಸಾಲುಗಳನ್ನು ಜೋಡಿಸಿದರೂ ಸರದಿ ಕೆಡುವುದಿಲ್ಲ. F1ರಲ್ಲಿ:

```
={"ಸ್ಥಿತಿ";MAP(E2:E,LAMBDA(n,IF(n="","",
IF(n<='ವಿವರ'!$B$1,"ಸೀಟು ಇದೆ",
"ಕಾಯುವ ಪಟ್ಟಿ "&(n-'ವಿವರ'!$B$1)))))}
```

ಒಂದು ಎಚ್ಚರ ಬೇಕು. ಹಾಳೆ ಪೂರ್ತಿ ಖಾಲಿ ಇದ್ದಾಗ ಈ ಸೂತ್ರ ಬರೆದರೆ, ಮೊದಲ ನೋಂದಣಿಯ ಸಾಲು ತೂರಿ ಬಂದಾಗ `A2:A` ಎಂಬುದು `A3:A` ಆಗಿ ಸರಿಯಬಹುದು. ಆಗ ಮೊದಲು ಬಂದವರೇ ಲೆಕ್ಕದಿಂದ ಹೊರಗೆ! ಆದ್ದರಿಂದ ಮೊದಲು ಪರೀಕ್ಷೆಗೆಂದು ಒಂದು ಫಾರ್ಮ್ ತುಂಬಿ, ಆ ಸಾಲಿಗೆ ‘ರದ್ದು’ ಎಂದು ಬರೆದು, ಆಮೇಲೆ ಸೂತ್ರ ಹಾಕಬೇಕು.

## ಒಬ್ಬರು ಬಿಟ್ಟಾಗ ಏನಾಗುತ್ತದೆ

24 ಜನ ಹೆಸರು ಕೊಟ್ಟಿದ್ದಾರೆ. 1ರಿಂದ 20ರವರೆಗೆ ‘ಸೀಟು ಇದೆ’. 21ರಿಂದ 24ರವರೆಗಿನವರು ಕಾಯುವ ಪಟ್ಟಿಯಲ್ಲಿ 1ರಿಂದ 4. ಏಳನೆಯವರು ಫೋನ್ ಮಾಡಿ ಬರಲಾಗದು ಎನ್ನುತ್ತಾರೆ. ಅವರ ಸಾಲಿನ Dಯಲ್ಲಿ ‘ರದ್ದು’ ಎಂದು ಬರೆದ ಕೂಡಲೇ ಅವರ ನಂತರದವರೆಲ್ಲ ಒಂದೊಂದು ಮೇಲೆ ಬರುತ್ತಾರೆ. 21ನೆಯವರು 20 ಆಗಿ ‘ಸೀಟು ಇದೆ’ ಪಡೆಯುತ್ತಾರೆ. ಉಳಿದ ಮೂವರು ಕಾಯುವ ಪಟ್ಟಿಯಲ್ಲಿ 1ರಿಂದ 3 ಆಗುತ್ತಾರೆ.

ಎರಡು ದಿನ ಬಿಟ್ಟು ಅದೇ ವ್ಯಕ್ತಿ ‘ಈಗ ಬರಬಲ್ಲೆ’ ಎನ್ನುತ್ತಾರೆ ಎಂದುಕೊಳ್ಳಿ. ‘ರದ್ದು’ ಅಳಿಸಿದರೆ ಅವರ ಹಳೆಯ ಸಮಯ ಮತ್ತೆ ಲೆಕ್ಕಕ್ಕೆ ಬರುತ್ತದೆ. ಅವರು ಏಳನೆಯವರಾಗುತ್ತಾರೆ, ಸೀಟು ಸಿಕ್ಕಿದೆ ಎಂದು ನಾವು ತಿಳಿಸಿದ್ದ ವ್ಯಕ್ತಿ ಸದ್ದಿಲ್ಲದೆ ಕಾಯುವ ಪಟ್ಟಿಗೆ ಬೀಳುತ್ತಾರೆ. ಇದಕ್ಕೆ ಸರಿಯಾದ ದಾರಿ ಹೊಸ ಫಾರ್ಮ್ ತುಂಬಿಸಿ ಸಾಲಿನ ಕೊನೆಗೆ ಸೇರಿಸುವುದು. ಫಾರ್ಮ್ ತಿದ್ದಲು ಅವಕಾಶ ಕೊಟ್ಟಿದ್ದರೆ ಇದರ ತಿರುಗುಮುರುಗು ನಡೆಯುತ್ತದೆ. ಮೊದಲೇ ಬಂದವರು ಹೆಸರಿನ ಒಂದಕ್ಷರ ತಿದ್ದಿದರೂ ಸಮಯ ಹೊಸದಾಗಿ ದಾಖಲಾಗಿ ಅವರು ಕೊನೆಗೆ ಹೋಗುತ್ತಾರೆ. ಆ ಸೌಲಭ್ಯವನ್ನು ಮುಚ್ಚಿಡುವುದು ಒಳ್ಳೆಯದು.

## ಲೆಕ್ಕ ಬೇರೆ, ಮಾತು ಬೇರೆ

F ಕಾಲಂ ಹೇಳುವುದು ಈ ಕ್ಷಣದ ಲೆಕ್ಕವನ್ನು ಮಾತ್ರ. ಯಾರಿಗೆ ಏನು ಹೇಳಿದ್ದೇವೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದಕ್ಕಾಗಿಯೇ G ಕಾಲಂ. ಇಲ್ಲಿ ಎರಡೇ ಮಾತು ಸಾಕು. ಸೀಟಿದೆ, ಬರುತ್ತೀರಾ ಎಂದು ಸಂದೇಶ ಕಳಿಸಿದಾಗ ‘ಕೇಳಿದೆ’; ಅವರು ಒಪ್ಪಿದಾಗ ‘ಖಚಿತ’. ಕೊಟ್ಟ ಗಡುವಿನೊಳಗೆ, ಉದಾಹರಣೆಗೆ 24 ಗಂಟೆಗಳಲ್ಲಿ, ಉತ್ತರ ಬಾರದಿದ್ದರೆ Dಯಲ್ಲಿ ‘ರದ್ದು’ ಎಂದು ಬರೆಯುತ್ತೇವೆ, ಮುಂದಿನವರು ತಾವಾಗಿ ಮೇಲೆ ಬರುತ್ತಾರೆ. ಗಡುವನ್ನು ಮೊದಲ ಸಂದೇಶದಲ್ಲೇ ಹೇಳಿರಬೇಕು.

Fನಲ್ಲಿ ‘ಸೀಟು ಇದೆ’ ಎಂದಿದ್ದು G ಖಾಲಿ ಇದ್ದರೆ, ಆ ವ್ಯಕ್ತಿಗೆ ಇನ್ನೂ ತಿಳಿಸಿಲ್ಲ ಎಂದರ್ಥ. Gಯಲ್ಲಿ ‘ಖಚಿತ’ ಎಂದಿದ್ದೂ F ಕಾಯುವ ಪಟ್ಟಿ ತೋರಿಸಿದರೆ ಕೊಟ್ಟ ಮಾತು ಮುರಿಯುವ ಹಂತದಲ್ಲಿದೆ. ಇಂಥ ಸಾಲು ಕೆಂಪಾಗುವಂತೆ ಷರತ್ತಿನ ಬಣ್ಣದಲ್ಲಿ ಈ ಸೂತ್ರ ಕೊಡಬಹುದು:

```
=AND($G2="ಖಚಿತ",$D2<>"ರದ್ದು",$F2<>"ಸೀಟು ಇದೆ")
```

ಕೆಂಪು ಕಂಡರೆ ಯಾರೋ ‘ರದ್ದು’ ಅಳಿಸಿದ್ದಾರೆ, ಸಮಯ ತಿದ್ದಿದ್ದಾರೆ ಅಥವಾ ಮಿತಿಯನ್ನು ತಗ್ಗಿಸಿದ್ದಾರೆ.

## ಒಂದೇ ಫಾರ್ಮಿನಲ್ಲಿ ಹಲವರು

‘ನಾವು ಮೂವರು ಬರುತ್ತೇವೆ’ ಎಂಬ ನೋಂದಣಿ ತೊಡಕಿನದು. ಐದು ಸೀಟುಗಳಿಗೆ ಇಬ್ಬರು, ಇಬ್ಬರು, ಮೂವರು, ಒಬ್ಬರು ಎಂಬ ಕ್ರಮದಲ್ಲಿ ಹೆಸರು ಬಂದಿವೆ ಎಂದುಕೊಳ್ಳಿ. ಮೂವರಿಗೆ ಜಾಗ ಸಾಲದು, ಉಳಿದ ಒಂದು ಸೀಟು ಒಬ್ಬರಿಗೆ ಹೋಗುತ್ತದೆ. ಈಗ ಮೊದಲ ಇಬ್ಬರು ಬಿಟ್ಟರೆ, ಮತ್ತೆ ಎಣಿಸುವ ಸೂತ್ರ ಎರಡನೆಯ ಇಬ್ಬರಿಗೂ ಮೂವರಿಗೂ ಐದು ಸೀಟು ಹಂಚಿ, ಖಚಿತವಾಗಿದ್ದ ಒಬ್ಬರನ್ನು ಹೊರಗೆ ಹಾಕುತ್ತದೆ. ಸೂತ್ರದ ಲೆಕ್ಕ ತಪ್ಪಿಲ್ಲ. ಆದರೂ ಫಲ ಅನ್ಯಾಯ. ಒಬ್ಬರಿಗೆ ಒಂದು ಫಾರ್ಮ್ ಎಂಬ ನಿಯಮವಿದ್ದರೆ ಈ ಸಮಸ್ಯೆ ಹುಟ್ಟುವುದೇ ಇಲ್ಲ, ಏಕೆಂದರೆ ಆಗ ರದ್ದತಿಯಿಂದ ಯಾರೂ ಕೆಳಗಿಳಿಯುವುದಿಲ್ಲ. ಆದರೆ ಮನೆಯವರೆಲ್ಲ ಒಂದೇ ಫೋನ್ ನಂಬರ್ ಕೊಡಬಹುದು. ಹಾಗಾಗಿ ಒಂದೇ ನಂಬರ್ ಎರಡು ಸಲ ಬಂದ ಮಾತ್ರಕ್ಕೆ ರದ್ದು ಮಾಡದೆ, ಹೆಸರನ್ನೂ ನೋಡಿ ತೀರ್ಮಾನಿಸಬೇಕು.

## ಫಾರ್ಮ್ ತೆರೆಯುವ ಮುನ್ನ

ಫಾರ್ಮ್ ತುಂಬಿದ ಕೂಡಲೇ ಕಾಣುವ ಸಂದೇಶವನ್ನು ‘ನಿಮ್ಮ ಹೆಸರು ಬಂದಿದೆ, ಸೀಟಿನ ವಿಷಯ ಪ್ರತ್ಯೇಕವಾಗಿ ತಿಳಿಸುತ್ತೇವೆ’ ಎಂದು ಬದಲಿಸಬೇಕು. ಇಲ್ಲದಿದ್ದರೆ ಹೆಸರು ಕೊಟ್ಟವರೆಲ್ಲ ಸೀಟು ಸಿಕ್ಕಿತೆಂದೇ ತಿಳಿಯುತ್ತಾರೆ. ಫೋನ್ ನಂಬರ್‌ಗಳಿರುವ ಹಾಳೆಯನ್ನು ಆಯೋಜಕರಲ್ಲಿ ಬೇಕಾದವರಿಗಷ್ಟೇ ತೆರೆದಿಡಬೇಕು.

ಕೊನೆಗೆ ಮಿತಿಯನ್ನು 3ಕ್ಕೆ ಇಳಿಸಿ, ಐದು ಸುಳ್ಳು ಹೆಸರು ತುಂಬಿ, ಎರಡನೆಯದನ್ನು ರದ್ದು ಮಾಡಿ ನೋಡಿ. ನಾಲ್ಕನೆಯದಕ್ಕೆ ಸೀಟು ಬಂದು, ಐದನೆಯದು ‘ಕಾಯುವ ಪಟ್ಟಿ 1’ ಎಂದಾಗಬೇಕು. ನಾಲ್ಕನೆಯದಕ್ಕೆ ‘ಖಚಿತ’ ಎಂದು ಬರೆದು, ಎರಡನೆಯದರ ‘ರದ್ದು’ ಅಳಿಸಿದರೆ ನಾಲ್ಕನೆಯ ಹೆಸರಿನ ಸಾಲು ಕೆಂಪಾಗಬೇಕು. ಎರಡೂ ಸರಿಯಾಗಿ ನಡೆದರೆ ಪರೀಕ್ಷೆಯ ಸಾಲುಗಳಿಗೆಲ್ಲ ‘ರದ್ದು’ ಎಂದು ಬರೆದು, Gಯನ್ನು ಖಾಲಿ ಮಾಡಿ, ಮಿತಿಯನ್ನು 20ಕ್ಕೆ ಏರಿಸಿ ಫಾರ್ಮ್ ಹಂಚಬಹುದು.