ಎರಡರ ವರ್ಗಮೂಲ: ಅಂದಾಜಿನಿಂದ ಸಾಧನೆಯವರೆಗೆ

ಬದಿಯ ಉದ್ದ 1 ಮಾನವಿರುವ ಚೌಕದ ಕರ್ಣದ ಉದ್ದ √2 ಆಗಿದ್ದು, ಅದನ್ನು ಲೆಕ್ಕ ಹಾಕುವ ಪ್ರಯತ್ನ ಅದರ ಸ್ವರೂಪವನ್ನು ಅರಿಯುವ ಪ್ರಯತ್ನಕ್ಕಿಂತ ಬಹಳ ಹಳೆಯದು. ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ, ಕ್ರಿ.ಪೂ. 1800–1600ರ ಸುಮಾರಿನ ಬ್ಯಾಬಿಲೋನಿನ ಮಣ್ಣಿನ ಹಲಗೆಯೊಂದರಲ್ಲಿ ಈ ಬೆಲೆಯನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟೂ ತಪ್ಪಿಲ್ಲದಂತೆ ಬರೆಯಲಾಗಿದೆ. ಭಾರತದಲ್ಲಿ ಯಜ್ಞವೇದಿಗಳ ಅಳತೆಗಾಗಿ ರಚಿತವಾದ ಬೌಧಾಯನ ಶುಲ್ಬಸೂತ್ರವು ಬದಿಗೆ ಅದರ ಮೂರನೆಯ ಒಂದು ಭಾಗವನ್ನೂ ಆ ಭಾಗದ ನಾಲ್ಕನೆಯ ಒಂದನ್ನೂ ಕೂಡಿಸಿ, ಹಾಗೆ ಕೊನೆಯದಾಗಿ ಕೂಡಿಸಿದ ಭಾಗದ ಮೂವತ್ತನಾಲ್ಕನೆಯ ಒಂದನ್ನು ಕಳೆಯಬೇಕೆಂದು ವಿಧಿಸುತ್ತದೆ. ಇದನ್ನು ಒಂದೇ ಭಿನ್ನರಾಶಿಯಾಗಿ ಬರೆದರೆ 577/408 ದೊರೆಯುತ್ತದೆ.

ಈ ಭಿನ್ನರಾಶಿಯನ್ನು ಪರೀಕ್ಷಿಸಿದರೆ ಸಮಸ್ಯೆಯ ತಿರುಳು ಕಾಣುತ್ತದೆ. 577ರ ವರ್ಗ 332929, 408ರ ವರ್ಗದ ಎರಡರಷ್ಟು 332928. ವ್ಯತ್ಯಾಸ ಕೇವಲ ಒಂದು. ಇನ್ನೂ ದೊಡ್ಡ ಸಂಖ್ಯೆಗಳಾದ 3363 ಮತ್ತು 2378ನ್ನು ತೆಗೆದುಕೊಂಡರೂ ಮೊದಲನೆಯದರ ವರ್ಗ 11309769, ಎರಡನೆಯದರ ವರ್ಗದ ಎರಡರಷ್ಟು 11309768 ಆಗಿ ಅದೇ ಒಂದು ಉಳಿಯುತ್ತದೆ. ಭಿನ್ನರಾಶಿಗಳು ಅನಂತವಾಗಿರುವುದರಿಂದ, ಎಷ್ಟು ಪರೀಕ್ಷಿಸಿದರೂ ಮುಂದೆಲ್ಲೋ ಸರಿಯಾದುದೊಂದು ಸಿಗಬಹುದೆಂಬ ಶಂಕೆ ಹೋಗುವುದಿಲ್ಲ. ಹುಡುಕಾಟದಿಂದ "ಇದೆ" ಎಂದು ತೋರಿಸಬಹುದೇ ಹೊರತು "ಇಲ್ಲ" ಎಂದು ತೋರಿಸಲಾಗದು.

ಈ ಕಗ್ಗಂಟನ್ನು ಬಿಡಿಸಿದವರು ಪ್ರಾಚೀನ ಗ್ರೀಕರು. ಕರ್ಣಕ್ಕೂ ಬದಿಗೂ ಸಾಮಾನ್ಯ ಅಳತೆಯಿದೆಯೆಂದು ಒಪ್ಪಿದರೆ ಬೆಸಸಂಖ್ಯೆ ಸಮಸಂಖ್ಯೆಗೆ ಸಮನಾಗಬೇಕಾಗುತ್ತದೆ ಎಂಬ ವಾದವನ್ನು ಕ್ರಿ.ಪೂ. ನಾಲ್ಕನೆಯ ಶತಮಾನದ ಅರಿಸ್ಟಾಟಲ್ ಎಲ್ಲರೂ ಬಲ್ಲ ಉದಾಹರಣೆಯೆಂಬಂತೆ ಪ್ರಸ್ತಾಪಿಸುತ್ತಾನೆ. ಹೇಳಿಕೆಯೊಂದರ ವಿರುದ್ಧವಾದುದನ್ನು ತಾತ್ಕಾಲಿಕವಾಗಿ ಒಪ್ಪಿ, ಅದರಿಂದ ಅಸಾಧ್ಯವಾದ ಫಲಿತಾಂಶ ಬರುತ್ತದೆಂದು ತೋರಿಸಿ, ಒಪ್ಪಿದ್ದನ್ನೇ ತಳ್ಳಿಹಾಕುವ ಈ ಕ್ರಮವೇ ವೈರುಧ್ಯದ ಮೂಲಕ ಸಾಧನೆ.

ಇಂದಿನ ಹತ್ತನೆಯ ತರಗತಿಯ ಪಾಠದಲ್ಲಿ ಆ ವಾದ ಹೀಗಿದೆ. √2 ಭಾಗಲಬ್ಧ, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿ ಎಂದು ಭಾವಿಸಿ, √2 = a/b ಎಂದು ಬರೆಯಲಾಗುತ್ತದೆ; ಯಾವ ಭಿನ್ನರಾಶಿಯನ್ನಾದರೂ ಸಂಕ್ಷೇಪಿಸಬಹುದಾದ್ದರಿಂದ a ಮತ್ತು bಗಳಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ ಎಂದಿಟ್ಟುಕೊಳ್ಳಬಹುದು. ಎರಡೂ ಬದಿಗಳನ್ನು ವರ್ಗಗೊಳಿಸಿದಾಗ a² = 2b² ಆಗಿ, a² ಸಮಸಂಖ್ಯೆಯಾಗುತ್ತದೆ. ಬೆಸಸಂಖ್ಯೆಯ ವರ್ಗ ಯಾವಾಗಲೂ ಬೆಸವೇ ಆಗಿರುವುದರಿಂದ a ಕೂಡ ಸಮವಾಗಿರಲೇಬೇಕು. ಆದ್ದರಿಂದ a = 2k ಎಂದು ಬರೆದರೆ 4k² = 2b², ಅಂದರೆ b² = 2k² ಆಗಿ, ಅದೇ ಕಾರಣದಿಂದ b ಸಹ ಸಮವಾಗುತ್ತದೆ. ಹೀಗೆ ಎರಡಕ್ಕೂ 2 ಸಾಮಾನ್ಯ ಅಪವರ್ತನವಾಯಿತು. ಇದು ಮೊದಲಿಟ್ಟ ಷರತ್ತಿಗೆ ವಿರುದ್ಧವಾದುದರಿಂದ √2 ಭಾಗಲಬ್ಧವಲ್ಲ.

ವಿದ್ಯಾರ್ಥಿಗಳು ಈ ಸಾಧನೆಯನ್ನು ಬಾಯಿಪಾಠ ಮಾಡಿ ಒಪ್ಪಿಸುವಾಗ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಸಾಮಾನ್ಯ ಅಪವರ್ತನವಿಲ್ಲವೆಂಬ ಷರತ್ತನ್ನು ಬರೆಯಲು ಮರೆಯುವುದು. ಅದಿಲ್ಲದಿದ್ದರೆ a, b ಎರಡೂ ಸಮವೆಂಬುದರಲ್ಲಿ ವೈರುಧ್ಯವೇ ಇರುವುದಿಲ್ಲ. ಎರಡನೆಯದು, a² ಸಮವಾದರೆ a ಸಮ ಎಂಬ ಹೆಜ್ಜೆಯನ್ನು ಕಾರಣವಿಲ್ಲದೆ ದಾಟುವುದು, ಮತ್ತು ಹೆಚ್ಚು ಅಪಾಯದ್ದು ಇದೇ. ಅದೇ ವಾದವನ್ನು √4ಕ್ಕೆ ಕುರುಡಾಗಿ ಅನ್ವಯಿಸಿದರೆ a² = 4b² ಆಗಿ, a² ನಾಲ್ಕರಿಂದ ಭಾಗವಾಗುತ್ತದೆ; ಆದ್ದರಿಂದ a ಕೂಡ ನಾಲ್ಕರಿಂದ ಭಾಗವಾಗುತ್ತದೆ ಎಂದು ಮುಂದುವರಿದರೆ √4 ಅಭಾಗಲಬ್ಧವೆಂಬ ಸುಳ್ಳು "ಸಿದ್ಧ"ವಾಗುತ್ತದೆ. 2ರ ವರ್ಗ ನಾಲ್ಕರಿಂದ ಭಾಗವಾದರೂ 2 ಭಾಗವಾಗದು. ವಾದ ಮುರಿಯುವುದು ಅಲ್ಲಿಯೇ. 2 ಅವಿಭಾಜ್ಯ ಸಂಖ್ಯೆಯಾಗಿರುವುದು √2ರ ಸಾಧನೆಯನ್ನು ಕಾಪಾಡುತ್ತದೆ.

ಪ್ಲೇಟೋನ "ಥಿಯೇಟೆಟಸ್" ಸಂವಾದದಲ್ಲಿ ಥಿಯೊಡೋರಸ್ ಎಂಬ ಗುರು 3ರಿಂದ 17ರವರೆಗಿನ ಇಂಥ ಮೂಲಗಳನ್ನು ಒಂದೊಂದಾಗಿ ಪರಿಶೀಲಿಸಿದನೆಂದೂ, ಶಿಷ್ಯ ಥಿಯೇಟೆಟಸ್ ಅವನ್ನೆಲ್ಲ ಒಂದೇ ನಿಯಮದಡಿ ತರಲು ಯತ್ನಿಸಿದನೆಂದೂ ಹೇಳಲಾಗಿದೆ. ಕರ್ಣಕ್ಕೆ ಸಂಖ್ಯೆಯ ಸ್ಥಾನವನ್ನೇ ಭದ್ರವಾಗಿ ಕೊಟ್ಟದ್ದು ಬಹುಕಾಲದ ಬಳಿಕ, 1872ರಲ್ಲಿ ಪ್ರಕಟವಾದ ಜರ್ಮನಿಯ ರಿಚರ್ಡ್ ಡೆಡೆಕಿಂಡ್ ಅವರ ಕೃತಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡಚ್ ಗಣಿತಜ್ಞ ಬ್ರೌವರ್ ಅವರು, ಒಂದು ವಸ್ತು ಇಲ್ಲವೆಂದರೆ ವೈರುಧ್ಯ ಬರುತ್ತದೆ ಎಂದಷ್ಟಕ್ಕೇ ಅದು ಇದೆಯೆಂದು ಸಾಧಿಸಲಾಗದು ಎಂದು ತಕರಾರು ತೆಗೆದರು. √2ರ ವಾದಕ್ಕೆ ಆ ತಕರಾರು ತಾಗುವುದಿಲ್ಲ. ಏಕೆಂದರೆ ಇಲ್ಲಿ ಸಾಧಿಸಬೇಕಾದದ್ದೇ "ಭಾಗಲಬ್ಧವಲ್ಲ" ಎಂಬ ನಿರಾಕರಣೆ.

ಸಾಧನೆ ಅರ್ಥವಾಗಿದೆಯೇ ಎಂದು ತಿಳಿಯಲು ವಿದ್ಯಾರ್ಥಿಗಳು √12ನ್ನು ತೆಗೆದುಕೊಳ್ಳಲಿ. 6ರ ವರ್ಗ ಹನ್ನೆರಡರಿಂದ ಭಾಗವಾದರೂ 6 ಭಾಗವಾಗದ ಕಾರಣ, 12ನ್ನೇ ಹಿಡಿದು ಹೊರಟ ವಾದ ಕುಸಿಯುತ್ತದೆ. ಆದರೂ √12 ಅಭಾಗಲಬ್ಧವೇ. a² = 12b² ಎಂಬಲ್ಲಿ 12ರ ಬದಲು ಅವಿಭಾಜ್ಯ ಸಂಖ್ಯೆ 3ನ್ನು ಹಿಡಿದು a = 3k ಎಂದಿಟ್ಟರೆ 3k² = 4b² ಆಗಿ, 4ನ್ನು ಭಾಗಿಸದ 3 bಯನ್ನು ಭಾಗಿಸಲೇಬೇಕಾಗುತ್ತದೆ, ಅಲ್ಲಿಗೆ ಸಾಧನೆ ಪೂರ್ಣವಾಗುತ್ತದೆ.