ಅಪ್ಪನ ಅರ್ಜಿಯಲ್ಲಿ ಇಲ್ಲದ ಸಂಗತಿ

ಹಳೇ ಟ್ರಂಕಿನಲ್ಲಿ ಕಂದಾಯದ ರಸೀದಿ ಹುಡುಕುವಾಗ ಅಪ್ಪ 1987ರಲ್ಲಿ ಬರೆದ ಒಂದು ಅರ್ಜಿಯ ನಕಲು ಸಿಕ್ಕಿತು. ಅರಣ್ಯಾಧಿಕಾರಿಗಳಿಗೆ ಬರೆದದ್ದು. "ಕಾಡುಹಂದಿಗಳ ಹಾವಳಿಯಿಂದ ನನ್ನ ಬೆಳೆ ಸರ್ವನಾಶವಾಗಿದೆ, ಸೂಕ್ತ ಕ್ರಮ ಜರುಗಿಸಬೇಕಾಗಿ ಕೋರುತ್ತೇನೆ." ಕೆಳಗೆ ಹೆಬ್ಬೆಟ್ಟು. ಬರೆದುಕೊಟ್ಟವರು ಯಾರೋ ಗೊತ್ತಿಲ್ಲ. ಉತ್ತರ ಬಂದ ಕಾಗದ ಮಾತ್ರ ಟ್ರಂಕಿನಲ್ಲಿ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಈ ಅರ್ಜಿ ಹೋಗುವ ವಿಳಾಸವೇ ಕಾಲಕ್ಕೊಂದು ಥರ. ಯಳಂದೂರು ಪೂರ್ಣಯ್ಯನವರ ಜಹಗೀರು, ಮೈಸೂರು ಸೀಮೆ. ಪಕ್ಕದ ಕೊಳ್ಳೇಗಾಲದವರು 1956ರ ನವೆಂಬರ್ 1ರ ತನಕ ಮದ್ರಾಸಿಗೆ ಸೇರಿದವರು, ಅವರ ಜಿಲ್ಲಾ ಕೇಂದ್ರ ಕೊಯಮತ್ತೂರು. ಒಂದೇ ಬೆಟ್ಟದ ಹಂದಿ, ಗದ್ದೆ ಬದಲಾದರೆ ಸರ್ಕಾರವೇ ಬೇರೆ! ಆದರೆ ಆಗ ಹಂದಿಗೆ ಮದ್ದು ಅರ್ಜಿಯಾಗಿರಲಿಲ್ಲ. ಅಟ್ಟಣೆ ಮೇಲೆ ಕಾವಲು, ತಮಟೆ, ಬೆಂಕಿ, ಬೆಳೆ ಕಾಯೋಕೆ ಲೈಸೆನ್ಸ್ ಇರೋ ಕೋವಿ, ಇಷ್ಟೇ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆಯ್ತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಕಾಯ್ದೆ ಬಂದ ಮೊದಲಲ್ಲಿ ಹಂದಿ ಮೂರನೇ ಪಟ್ಟಿಯಲ್ಲಿತ್ತು, ಲೈಸೆನ್ಸ್ ಪಡೆದು ಶಿಕಾರಿ ಮಾಡಬಹುದಿತ್ತು. 1991ರ ತಿದ್ದುಪಡಿಯಿಂದ ಆ ಲೈಸೆನ್ಸೂ ಹೋಯ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಈಗ ಹಂದಿ ಎರಡನೇ ಪಟ್ಟಿಯಲ್ಲಿದೆ.

ಆದರೂ ಒಂದು ಬಾಗಿಲು ಮೊದಲಿಂದಲೂ ತೆರೆದೇ ಇದೆ. ಕಾಯ್ದೆಯ 11ನೇ ಕಲಮು. ಪ್ರಾಣಿಯಿಂದ ಮನುಷ್ಯನ ಜೀವಕ್ಕೋ ಆಸ್ತಿಗೋ ಅಪಾಯ ಅಂತ ಮನವರಿಕೆ ಆದರೆ, ಮುಖ್ಯ ವನ್ಯಜೀವಿ ಪಾಲಕರೋ ಅವರಿಂದ ಅಧಿಕಾರ ಪಡೆದವರೋ ಕಾರಣ ಬರೆದು ಅದನ್ನು ಹೊಡೆಯೋಕೆ ಅಪ್ಪಣೆ ಕೊಡಬಹುದು. ಆಸ್ತಿ ಅನ್ನೋದರಲ್ಲಿ ನಿಂತಿರುವ ಬೆಳೆಯೂ ಸೇರುತ್ತೆ ಅಂತ ಕಾಯ್ದೆಯೇ ಹೇಳುತ್ತೆ. ಪಕ್ಕದ ಕೇರಳ 2022ರಲ್ಲಿ ಈ ಅಪ್ಪಣೆಯ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಂಥವರ ಕೈಗೇ ಕೊಟ್ಟಿತು.

ಈಗ ಅಪ್ಪನ ಅರ್ಜಿ ಮತ್ತೆ ಓದಿ. "ಸೂಕ್ತ ಕ್ರಮ" ಅಂದ್ರೆ ಯಾವುದು? ಅಪ್ಪಣೆಯಾ, ದುಡ್ಡಾ? ಅದೇ ಅದರಲ್ಲಿಲ್ಲ. ಬೆಳೆ ಹೋದದ್ದಕ್ಕೆ ಪರಿಹಾರ ಸಿಗೋದು ಸರ್ಕಾರದ ಆದೇಶದ ಮೇಲೆ, ಹಂದಿ ಹೊಡೆಯೋ ಅಪ್ಪಣೆ ಸಿಗೋದು ಕಾಯ್ದೆಯ ಮೇಲೆ. ಎರಡೂ ಬೇರೆ ದಾರಿ. ಎರಡನ್ನೂ ಒಂದೇ ಕಾಗದದಲ್ಲಿ ಸುತ್ತಿ ಕೊಟ್ಟರೆ ಯಾವ ಮೇಜಿಗೆ ಹೋಗಬೇಕು ಅನ್ನೋದೇ ಗೊತ್ತಾಗಲ್ಲ.

ಹೋದ ವರ್ಷ ನನ್ನ 30 ಗುಂಟೆ ಮುಸುಕಿನ ಜೋಳಕ್ಕೆ, ತೆನೆ ಹಾಲು ತುಂಬೋ ಹೊತ್ತಿಗೆ, ಹಂದಿ ಬಿತ್ತು. ಬೆಳಗ್ಗೆ ಹೋಗಿ ಮೊದಲು ನೋಡಿದ್ದು ಇದು ಹಂದಿಯೇನಾ ಅಂತ. ಹಂದಿ ಜೋಳದ ದಂಟನ್ನು ಬುಡದ ಹತ್ತಿರ ಮುರಿದು ಕೆಡವಿ ತೆನೆ ತಿನ್ನುತ್ತೆ, ಮೂತಿಯಿಂದ ಮಣ್ಣು ಉತ್ತ ಹಾಗೆ ಎಬ್ಬಿಸುತ್ತೆ. ಹಸಿ ಮಣ್ಣಲ್ಲಿ ಎರಡು ಗೊರಸಿನ ಹಿಂದೆ ಎರಡು ಚಿಕ್ಕ ಗುರುತು ಬಿದ್ದಿರುತ್ತೆ. ಮುಳ್ಳಂದಿ ಬುಡವನ್ನು ಹಲ್ಲಲ್ಲಿ ಕಡಿಯುತ್ತೆ, ಮುರಿಯಲ್ಲ. ಆನೆಯಾದರೆ ಹೆಜ್ಜೆ ನೋಡಿದರೇ ಸಾಕು.

ಆಮೇಲೆ ಸಾಲು ಎಣಿಸಿದೆ. ಒಟ್ಟು 60 ಸಾಲು, ಪೂರ್ತಿ ಹೋದವು 24. ಸಾಲೆಲ್ಲ ಒಂದೇ ಉದ್ದ ಆಗಿದ್ದರಿಂದ 30 ಗುಂಟೆಯಲ್ಲಿ 12 ಗುಂಟೆ ಹೋಯ್ತು ಅಂತ ಲೆಕ್ಕ ಸಿಕ್ಕಿತು. ಅಪ್ಪ "ಸರ್ವನಾಶ" ಅಂತ ಬರೆಸಿದ್ದರು. ನೋಡೋಕೆ ಬಂದವರಿಗೆ ಒಂದು ಮೂಲೆ ಹಸಿರಾಗಿ ಕಂಡರೂ ಆ ಮಾತು ಸುಳ್ಳಾಗುತ್ತೆ. 12 ಗುಂಟೆ ಅಂದರೆ ಯಾರೂ ಸಾಲು ಎಣಿಸಿ ನೋಡಬಹುದು.

ಅರ್ಜಿ ಎರಡು ಬರೆದೆ. ಒಂದರಲ್ಲಿ ಪಹಣಿ ಪ್ರಕಾರ ಸರ್ವೆ ನಂಬರು, ಬೆಳೆ, ಎಷ್ಟು ಗುಂಟೆ, ಯಾವ ರಾತ್ರಿ, ಜೊತೆಗೆ ಹೆಜ್ಜೆಯ ಫೋಟೋ, ಸ್ಥಳ ಪರಿಶೀಲಿಸಿ ಪರಿಹಾರ ಕೊಡಿ ಅಂತ. ಇನ್ನೊಂದರಲ್ಲಿ 11ನೇ ಕಲಮು ಹೆಸರಿಸಿ ಅಪ್ಪಣೆ ಕೋರಿ, ಹಂದಿ ಎಷ್ಟು ಸಲ ಬಂತು ಅನ್ನೋ ದಿನಾಂಕಗಳ ಪಟ್ಟಿ. ಅದೇ ದಿನ ಕೊಟ್ಟು ಎರಡಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಮಳೆ ಬಂದರೆ ಹೆಜ್ಜೆ ಅಳಿಯುತ್ತೆ, ಅದಕ್ಕೇ ಆ ಅವಸರ.

ಪರಿಹಾರ ತಡವಾಗಿ ಬಂತು, ಬೆಳೆಯ ಬೆಲೆಗಿಂತ ಕಮ್ಮಿ. ಅಪ್ಪಣೆ ಇನ್ನೂ ಬಂದಿಲ್ಲ. ಆದರೂ ಎರಡನೇ ಅರ್ಜಿ ವ್ಯರ್ಥ ಅಂತ ನಾನು ಅಂದುಕೊಂಡಿಲ್ಲ. ಒಂದು ಹೊಲದಿಂದ ಒಂದು ಅರ್ಜಿ ಹೋದರೆ ಅದು ಒಬ್ಬನ ಗೋಳು. ಸಾಲಿನಲ್ಲಿರೋ ಎಲ್ಲ ಹೊಲದವರೂ ದಿನಾಂಕ, ಗುಂಟೆ ಸಮೇತ ಬರೆದರೆ ಅದೇ ಅಧಿಕಾರಿಗೆ ಮನವರಿಕೆ ಆಗಬೇಕಾದ ಆಧಾರ. ಅಪ್ಪನಿಗೆ ಅಕ್ಷರ ಇರಲಿಲ್ಲ. ನಮಗೆ ಇದೆ. ಅಪ್ಪಣೆ ಬರೋ ತನಕ ಉರುಳು, ಕರೆಂಟ್ ತಂತಿ, ಸಿಡಿಮದ್ದು ಮಾತ್ರ ಬೇಡ. ಅದು ಅಪರಾಧ, ಮತ್ತೆ ತಂತಿ ತುಳಿಯೋದು ಹಂದಿ ಒಂದೇ ಅಲ್ಲ, ನೀರು ಕಟ್ಟೋಕೆ ಹೋದ ನಮ್ಮ ಮಕ್ಕಳೂ ತುಳಿಯಬಹುದು.