ಎರಡು ಕಂಬ, ಎಂಟು ಅಡ್ಡಪಟ್ಟಿ: ಇದು ಯಾವ ದೇಶ?

ಫೋಟೋ 1
ಮೊದಲು ಫೋಟೋ ಸರಿಯಾಗಿ ನೋಡ್ರಿ. ಬೋರ್ಡ್ ಇಲ್ಲ, ಮನುಷ್ಯರಿಲ್ಲ, ಗಾಡಿ ನಂಬರ್ ಇಲ್ಲ. ಕೆಂಪು ಮಣ್ಣಿನ ಬಯಲು, ಸುಣ್ಣದ ಗೆರೆಗಳು, ಎರಡು ಕಟ್ಟಿಗೆ ಕಂಬ. ಇಷ್ಟೇ. ಇದು ಯಾವ ದೇಶ ಅಂತ ಹೇಳಬಹುದಾ?

ನಮ್ಮ ಕ್ಲಾಸ್ ಗ್ರೂಪ್‌ನಾಗ ಇದನ್ನ ಹಾಕಿದಾಗ ಒಬ್ಬ ತಕ್ಷಣ "ಗೋಲ್‌ಪೋಸ್ಟ್ ಮುರಿದು ಬಿದ್ದದ" ಅಂದ. ಅಲ್ಲ. ಗೋಲ್‌ಪೋಸ್ಟ್ ಆಗಿದ್ದರೆ ಒಂದೇ ತುದಿಯಲ್ಲಿ ಎರಡು ಕಂಬ ಜೋಡಿಯಾಗಿ ಇರಬೇಕಿತ್ತು. ಇಲ್ಲಿ ಈ ತುದಿಗೊಂದು, ಆ ತುದಿಗೊಂದು. ಎತ್ತರವೂ ನಮ್ಮ ಎದೆಮಟ್ಟ ಮಾತ್ರ, ಸುಮಾರು 120 ಸೆಂಟಿಮೀಟರ್. ನಿಮಗೆ ಈಗ ಗೊತ್ತಾಗಿರಬೇಕು: ಖೋ ಖೋ.

ಫೋಟೋ 2
ಕಂಬ ನೋಡಿ ದೇಶ ಊಹಿಸುವ ಆಟ ಹೊರದೇಶದ ಫೋಟೋಗಳಲ್ಲೂ ನಡೀತದ. ಇಂಗ್ಲಿಷಿನ H ಅಕ್ಷರದ ಹಂಗ ಕಂಬ ನಿಂತಿದ್ದು ಬಲೆ ಇಲ್ಲದಿದ್ದರೆ ಅದು ರಗ್ಬಿ. ಅದೇ H ಕೆಳಗೆ ಬಲೆ ಕಟ್ಟಿದ್ದರೆ ಗೇಲಿಕ್ ಫುಟ್‌ಬಾಲ್ ಇಲ್ಲವೇ ಹರ್ಲಿಂಗ್, ಅಂದರೆ ಬಹುತೇಕ ಐರ್ಲೆಂಡ್. ಮೊಟ್ಟೆಯಾಕಾರದ ಮೈದಾನ, ಪ್ರತಿ ತುದಿಗೆ ನಾಲ್ಕು ಕಂಬ, ಮಧ್ಯದ ಎರಡು ಉದ್ದ, ಅಡ್ಡಪಟ್ಟಿ ಇಲ್ಲ: ಆಸ್ಟ್ರೇಲಿಯಾ. ಮಾಮೂಲಿ ಫುಟ್‌ಬಾಲ್ ಗೋಲ್ ಮಾತ್ರ ಏನೂ ಹೇಳಲ್ಲ, ಯಾಕಂದ್ರ ಅದು ಜಗತ್ತಿನ ತುಂಬ ಒಂದೇ ಅಳತೆ. ಎಲ್ಲರೂ ಆಡುವ ಆಟದಿಂದ ಸುಳಿವು ಸಿಗಲ್ಲ. ಕೆಲವರೇ ಆಡುವ ಆಟದಿಂದ ಸಿಗ್ತದ.

ಫೋಟೋ 3
ಈಗ ನಮ್ಮ ಗೆರೆಗಳಿಗೆ ಬನ್ನಿ. ಮೇಲಿಂದ ನೋಡಿದರೆ ಖೋ ಖೋ ಅಂಕಣ ಮೀನಿನ ಮುಳ್ಳಿನ ಹಂಗ ಕಾಣ್ತದ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ 30 ಸೆಂಟಿಮೀಟರ್ ಅಗಲದ ಉದ್ದ ಪಟ್ಟಿ. ಅದನ್ನು ಕತ್ತರಿಸುವ ಎಂಟು ಅಡ್ಡಪಟ್ಟಿಗಳು. ಅವು ಕೂಡುವ ಕಡೆ ಎಂಟು ಚೌಕ. ಆ ಚೌಕಗಳಲ್ಲಿ ಎಂಟು ಜನ, ಒಬ್ಬ ಈ ಕಡೆ ಮುಖ, ಮುಂದಿನವ ಆ ಕಡೆ ಮುಖ ಮಾಡಿ ಕೂಡ್ತಾರ. ಒಂಬತ್ತನೆಯವ ಬೆನ್ನಟ್ಟುತ್ತಾನೆ.

ಪ್ರತಿ ಗೆರೆಗೂ ಒಂದು ಕಾರಣ ಇದೆ. ಓಡುವವರು ಉದ್ದ ಪಟ್ಟಿಯನ್ನು ಎಲ್ಲಿ ಬೇಕಾದರೂ ದಾಟಬಹುದು, ಬೆನ್ನಟ್ಟುವವ ದಾಟುವ ಹಂಗಿಲ್ಲ. ಅವನು ಆ ಬದಿಗೆ ಹೋಗಬೇಕಾದರೆ ಕಂಬ ಸುತ್ತಬೇಕು, ಇಲ್ಲ ಕೂತವನ ಬೆನ್ನಿಗೆ ಖೋ ಕೊಡಬೇಕು. ಅದಕ್ಕೇ ಕಂಬ. ಇನ್ನು ಅಡ್ಡಪಟ್ಟಿ ಅಂಚಿನ ತನಕ ಯಾಕೆ ಎಳೀತಾರ? ಕೂತವನ ಪಟ್ಟಿ ದಾಟಿ ಮುಂದೆ ಹೋದಮೇಲೆ ಹಿಂದಕ್ಕೆ ತಿರುಗಿ ಅವನಿಗೆ ಖೋ ಕೊಟ್ಟರೆ ಅದು ಫೌಲ್. ಬದಿಯಲ್ಲಿ ನಿಂತ ಅಂಪೈರ್‌ಗೆ ಅದು ಕಾಣಬೇಕಲ್ಲ. ಗೆರೆ ಅಂದರೆ ನೆಲದ ಮೇಲೆ ಬರೆದ ನಿಯಮ.

ಫೋಟೋ 4
ಈ ನಿಯಮ ಬರೆದವರು ಯಾರು? ಬೆನ್ನಟ್ಟುವ ಆಟ ಹಳೇದು, ಆದರೆ ಅಳತೆ ಕಟ್ಟಿ ನಿಯಮ ಮಾಡಿದ್ದು ಪುಣೆಯ ಡೆಕ್ಕನ್ ಜಿಮ್ಖಾನಾ, 1914ರಲ್ಲಿ. ಅಲ್ಲಿಂದ ಹರಡಿದ ಆಟ ಇದು. ಹಂಗಾಗಿ ಫೋಟೋದ ಉತ್ತರ: ಮೊದಲ ಊಹೆ ಭಾರತ.

ಆದರೆ ಅಲ್ಲೇ ನಿಲ್ಲಬೇಡ್ರಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಪುರುಷರ ಫೈನಲ್, ಮಹಿಳೆಯರ ಫೈನಲ್ ಎರಡರಲ್ಲೂ ಭಾರತ ಗೆದ್ದಿತು, ಎರಡರಲ್ಲೂ ಎದುರಿಗಿದ್ದದ್ದು ನೇಪಾಳ. ಅಂದರೆ ಹಿಂದೆ ಬೆಟ್ಟ ಕಂಡರೆ ನೇಪಾಳವನ್ನೂ ಲೆಕ್ಕಕ್ಕೆ ತಗೋಬೇಕು. ಕಂಬ ಪ್ರದೇಶ ತೋರಿಸ್ತದ, ದೇಶವನ್ನು ಗ್ಯಾರಂಟಿ ಕೊಡಲ್ಲ.

ಫೋಟೋ 5
ಈಗ ನಮಗೆ ಹತ್ತಿರದ ಪ್ರಶ್ನೆ. ಕಮಲನಗರದ ಅಂಕಣ ಒಂದು, ಉದಗೀರದ ಅಂಕಣ ಒಂದು. ಫೋಟೋ ಪಕ್ಕಪಕ್ಕ ಇಟ್ಟರೆ ಯಾವುದು ಕರ್ನಾಟಕ, ಯಾವುದು ಮಹಾರಾಷ್ಟ್ರ ಅಂತ ಗೆರೆ ನೋಡಿ ಹೇಳೋಕೆ ಆಗಲ್ಲ. ಪುಣೆಯಲ್ಲಿ ನಿಯಮ ಬರೆದಾಗ ಇವೆರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಾಗ, ಒಂದೇ ಬೀದರ್ ಜಿಲ್ಲೆಯಾಗ ಇದ್ದವು. 1956ರ ನವೆಂಬರ್ 1ಕ್ಕೆ ಜಿಲ್ಲೆ ಒಡೆಯಿತು. ಔರಾದ, ಭಾಲ್ಕಿ, ಹುಮನಾಬಾದ್ ಕಡೆಯವರು ಮೈಸೂರು ರಾಜ್ಯಕ್ಕೆ ಬಂದರು, ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ ಹೋದವು. ನಕ್ಷೆಯ ಗೆರೆ ಬದಲಾಯಿತು, ಸುಣ್ಣದ ಗೆರೆ ಬದಲಾಗಲಿಲ್ಲ.

ಪಂಜಾಬಿನಲ್ಲಿ ಇದೇ ಮಾತು ಇನ್ನೂ ಗಟ್ಟಿಯಾಗಿ ಕಾಣ್ತದ. ನಮ್ಮ ಕಬಡ್ಡಿ ಅಂಕಣ ಆಯತಾಕಾರ, 13 ಮೀಟರ್ ಉದ್ದ, 10 ಮೀಟರ್ ಅಗಲ. ಪಂಜಾಬಿ ಕಬಡ್ಡಿಗೆ ದೊಡ್ಡ ವೃತ್ತ, ನಡುವೆ ಒಂದು ಗೆರೆ. ಈ ವೃತ್ತ ಲುಧಿಯಾನಾ ಕಡೆಯೂ ಅದ, ಲಾಹೋರ್ ಕಡೆಯೂ ಅದ. 1947ರಲ್ಲಿ ದೇಶ ಎರಡಾಯಿತು, ವೃತ್ತ ಒಂದೇ ಉಳಿಯಿತು. ಆ ಫೋಟೋ ನೋಡಿ "ಭಾರತ" ಅಂತ ಒತ್ತಿದರೆ ಅರ್ಧ ಸಲ ಸೋಲ್ತೀರಿ.

ಫೋಟೋ 6
ಹಂಗಾದರೆ ಗೆರೆ ಸೋತಲ್ಲಿ ಏನು ನೋಡಬೇಕು? ಕೂಡುವ ಜಾಗ ನೋಡ್ರಿ. ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳ ಮೈದಾನದಲ್ಲಿ ಸಾಲು ಸಾಲು ಕುರ್ಚಿ. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ನಿಂತು ನೋಡುವ ಜಾಗದ ನೂಕುನುಗ್ಗಲಿಗೆ 97 ಜನ ಸತ್ತರು. ಆಮೇಲೆ ಅಲ್ಲಿ ಕುರ್ಚಿ ಕಡ್ಡಾಯವಾಯಿತು. ಜರ್ಮನಿಯಲ್ಲಿ ನಿಂತು ನೋಡುವ ಮೆಟ್ಟಿಲು ಇಂದಿಗೂ ಇದೆ, ಡಾರ್ಟ್‌ಮಂಡ್‌ನ ಒಂದೇ ಬದಿಯಲ್ಲಿ ಸುಮಾರು 25 ಸಾವಿರ ಜನ ನಿಲ್ತಾರ. ಕುರ್ಚಿಯ ಹಿಂದೆಯೂ ಒಂದು ಇತಿಹಾಸ ಇರ್ತದ.

ನಮ್ಮ ಜಿಲ್ಲಾ ಕ್ರೀಡಾಂಗಣಗಳ ಮಾದರಿ ಬೇರೆ. ಬಹಳ ಕಡೆ ಒಂದೇ ಬದಿಗೆ ಸಿಮೆಂಟ್ ಮೆಟ್ಟಿಲು, ನಡುವೆ ಛಾವಣಿ ಹಾಕಿದ ಗಣ್ಯರ ಜಾಗ, ಎದುರಿಗೆ ಧ್ವಜಸ್ತಂಭ. ಯಾಕಂದ್ರ ಅದು ಬರೀ ಆಟದ ಜಾಗ ಅಲ್ಲ, ಆಗಸ್ಟ್ 15 ಮತ್ತು ಜನವರಿ 26ರ ಪರೇಡ್ ಅಲ್ಲೇ. ಖೋ ಖೋ ಕಂಬ, ಮೆಟ್ಟಿಲು, ಧ್ವಜಸ್ತಂಭ ಮೂರೂ ಒಂದೇ ಫೋಟೋದಾಗ ಸಿಕ್ಕರೆ ಭಾರತ ಅಂತ ಧೈರ್ಯವಾಗಿ ಒತ್ತಬಹುದು.

ಫೋಟೋ 7
ಕೊನೆಗೆ ಒಂದು ಮಾತು. ವಿಶ್ವಕಪ್ ಆಡಿದ್ದು ಮಣ್ಣಿನ ಮೇಲಲ್ಲ, ಒಳಾಂಗಣದ ಮ್ಯಾಟ್ ಮೇಲೆ. ಅಲ್ಲಿ ಗೆರೆ ಮಳೆಗೆ ಅಳಿಯಲ್ಲ, ಆಟಗಾರರ ಮೊಣಕಾಲೂ ತರಚಲ್ಲ. ಒಳ್ಳೇದೇ. ಆದರೆ ಆ ಮ್ಯಾಟ್ ಫೋಟೋ ಲಂಡನ್‌ನದೂ ಆಗಬಹುದು, ದೆಹಲಿಯದೂ ಆಗಬಹುದು. ಊರಿನ ಸುಳಿವು ಇರೋದು ಸುಣ್ಣದ ಗೆರೆಯಾಗ, ಅದರ ಕೆಳಗಿನ ಮಣ್ಣಿನ ಬಣ್ಣದಾಗ. ಅದು ಒಂದು ಮಳೆಗಾಲಕ್ಕೆ ಅಳಿಸಿ ಹೋಗ್ತದ.

ಅದಕ್ಕೇ ಕೇಳ್ತೀನಿ: ಈ ವಾರ ನಿಮ್ಮ ಶಾಲೆ ಮೈದಾನದ ಒಂದು ಫೋಟೋ ತೆಗೀರಿ. ಕಂಬದಿಂದ ಕಂಬಕ್ಕೆ ಹೆಜ್ಜೆ ಹಾಕಿ ಎಣಿಸ್ರಿ, ಈಗಿನ ಅಳತೆ 24 ಮೀಟರ್. ಕಡಿಮೆ ಬಂದರೆ ಹಳೇ ಅಳತೆಯ ಅಂಕಣ ಇರಬಹುದು, ಆಗ ಕಂಬ ಯಾವಾಗ ನೆಟ್ಟರು ಅಂತ ನಿಮ್ಮ ಪಿ.ಟಿ. ಸರ್‌ನ ಕೇಳ್ರಿ. ಉತ್ತರ ಕಾಮೆಂಟ್‌ನಾಗ ಹಾಕ್ರಿ.

#ಕಮಲನಗರ #ಬೀದರ್ #ಖೋಖೋ